ಒಂದು ವಾರದ ಪತ್ರಿಕೆ, ಒಂದು ಪುಟದ ಟಿಪ್ಪಣಿ

ಕೆಎಎಸ್‌ಗೆ ಓದುವವರ ಮೇಜಿನ ಮೇಲೆ ಎರಡು ದಿನಪತ್ರಿಕೆ, ಮೂರು ಮಾಸಪತ್ರಿಕೆ ಇರುತ್ತವೆ. ಮೊಬೈಲಿನಲ್ಲಿ ಟೆಲಿಗ್ರಾಂ ಗುಂಪುಗಳ ಪಿಡಿಎಫ್‌ಗಳ ರಾಶಿ ಬೇರೆ. ಒಂದೇ ಸುದ್ದಿಯನ್ನು ನಾಲ್ಕು ಕಡೆ ಓದುತ್ತಾರೆ, ಯಾವುದನ್ನೂ ಎರಡನೇ ಸಲ ತೆರೆಯುವುದಿಲ್ಲ. ಪರೀಕ್ಷಾ ಕೊಠಡಿಯಲ್ಲಿ ‘ಓದಿದ ನೆನಪಿದೆ’ ಎನಿಸುತ್ತದೆಯೇ ಹೊರತು ಉತ್ತರ ಹೊಳೆಯುವುದಿಲ್ಲ. ಒಂದೇ ಪತ್ರಿಕೆ ಹಿಡಿಯಿರಿ ಎನ್ನುವುದು ಉಳಿದ ಹೊತ್ತು ಮರುಓದಿಗೆ ಸಿಗಲಿ ಎಂದು.

2023ರ ಸೆಪ್ಟೆಂಬರ್ ಮೂರನೇ ವಾರವನ್ನೇ ನೋಡೋಣ. 17ರಂದು ಶಾಂತಿನಿಕೇತನ, ಮರುದಿನ ನಮ್ಮ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 18ರಿಂದ ಸಂಸತ್ತಿನ ವಿಶೇಷ ಅಧಿವೇಶನ. ಮಹಿಳಾ ಮೀಸಲಾತಿ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದದ್ದರಲ್ಲಿ ಹೆಚ್ಚಿನದು ಯಾರು ಸ್ವಾಗತಿಸಿದರು, ಯಾರು ಟೀಕಿಸಿದರು, ಶ್ರೇಯ ಯಾರದು ಎಂಬುದೇ. ಪರೀಕ್ಷೆಗೆ ಇದಾವುದೂ ಬೇಡ. ಪ್ರಶ್ನೆ ತೆಗೆಯುವವರು ಸುದ್ದಿಯನ್ನು ನೆಪ ಮಾಡಿಕೊಂಡು ಅದರ ಹಿಂದಿನ ಇತಿಹಾಸ, ಸಂವಿಧಾನ, ಭೂಗೋಳವನ್ನು ಕೇಳುತ್ತಾರೆ.

ಹೊಯ್ಸಳ ಸುದ್ದಿಯ ಟಿಪ್ಪಣಿ ಹೀಗಿದ್ದರೆ ಸಾಕು: ‘ಹೊಯ್ಸಳರ ಪವಿತ್ರ ದೇಗುಲ ಸಮುಚ್ಚಯ. ಬೇಲೂರು ಚೆನ್ನಕೇಶವ, ಹಳೇಬೀಡು ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ. 18-9-2023, ರಿಯಾದ್ ಸಭೆ. ದೇಶದ 42ನೆಯದು, ಹಿಂದಿನದು ಶಾಂತಿನಿಕೇತನ. ರಾಜ್ಯದಲ್ಲಿ ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟದ ನಂತರ ನಾಲ್ಕನೆಯದು.’ ಕೊನೆಯ ವಾಕ್ಯ ಆ ದಿನದ ವರದಿಯಲ್ಲಿ ಸಿಗದಿದ್ದರೆ ಪಠ್ಯಪುಸ್ತಕ ನೋಡಿ ಸೇರಿಸಬೇಕು. ನನ್ನ ಲೆಕ್ಕದಲ್ಲಿ ಟಿಪ್ಪಣಿಗೆ ಬೆಲೆ ಬರುವುದೇ ಹಾಗೆ ಸೇರಿಸಿದ್ದರಿಂದ. ಹಂಪಿ, ಪಟ್ಟದಕಲ್ಲು 1980ರ ದಶಕದಲ್ಲೇ ಸೇರಿದ್ದವು, ಪಶ್ಚಿಮ ಘಟ್ಟ 2012ರಲ್ಲಿ. ‘ಕಾಲಾನುಕ್ರಮದಲ್ಲಿ ಜೋಡಿಸಿ’ ಎಂಬ ಪ್ರಶ್ನೆ ಇಂಥಲ್ಲೇ ಹುಟ್ಟುತ್ತದೆ. ಬರೆದ ಸಾಲಿನಿಂದ ಒಂದೂ ಪ್ರಶ್ನೆ ಮಾಡಲು ಆಗದಿದ್ದರೆ ಆ ಸಾಲನ್ನು ಹೊಡೆದುಹಾಕಿ.

ಪುಟದ ಬಲಗಡೆ ಮೂರನೇ ಒಂದು ಭಾಗ ಖಾಲಿ ಬಿಡುವುದನ್ನು ಮಾತ್ರ ಮರೆಯಬಾರದು. ಕಾರಣ ಮಹಿಳಾ ಮೀಸಲಾತಿಯ ಸುದ್ದಿಯಲ್ಲೇ ಇದೆ. ಆ ವಾರ ಪತ್ರಿಕೆಯಲ್ಲಿ ಬಂದದ್ದು ಸಂವಿಧಾನದ 128ನೇ ತಿದ್ದುಪಡಿ ಮಸೂದೆ. ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು ಕಾಯ್ದೆಯಾದಾಗ ಅದು 106ನೇ ತಿದ್ದುಪಡಿ. ಮಸೂದೆಗಳ ಸಂಖ್ಯೆಯೇ ಬೇರೆ, ಕಾಯ್ದೆಗಳ ಸಂಖ್ಯೆಯೇ ಬೇರೆ. ಅಂಗೀಕಾರದ ದಿನವೇ ಟಿಪ್ಪಣಿ ಮುಗಿಸಿ ಪುಸ್ತಕ ಮುಚ್ಚಿದವರ ತಲೆಯಲ್ಲಿ 128 ಉಳಿಯುತ್ತದೆ. ಆಯ್ಕೆಗಳಲ್ಲಿ ಎರಡೂ ಸಂಖ್ಯೆ ಇದ್ದರೆ ಅಂಕ ಹೋಯಿತೆಂದೇ ಲೆಕ್ಕ.

ಭಾನುವಾರದ ಪುನರಾವರ್ತನೆಯೆಂದರೆ ಟಿಪ್ಪಣಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸುವುದಲ್ಲ. ಹಾಗೆ ಓದಿದರೆ ಎಲ್ಲವೂ ಗೊತ್ತಿರುವಂತೆಯೇ ಕಾಣುತ್ತದೆ. ತಲೆಬರಹವಷ್ಟೇ ಕಾಣುವಂತೆ ಉಳಿದದ್ದನ್ನು ಹಾಳೆಯಿಂದ ಮುಚ್ಚಿ, ನೆನಪಿದ್ದಷ್ಟನ್ನು ರಫ್ ಹಾಳೆಯಲ್ಲಿ ಬರೆದು, ಆಮೇಲೆ ತಾಳೆ ನೋಡಬೇಕು. ‘ಮಹಿಳಾ ಮೀಸಲಾತಿ’ ಎಂದಾಗ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಎಂಬುದು ಥಟ್ಟನೆ ಬರುತ್ತದೆ. ರಾಜ್ಯಸಭೆಗೆ, ವಿಧಾನ ಪರಿಷತ್ತಿಗೆ ಇದು ಅನ್ವಯಿಸುವುದಿಲ್ಲ ಎಂಬುದಾಗಲಿ, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಕಾಯ್ದೆ ಜೋಡಿಸಿದ ಷರತ್ತಾಗಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ತಪ್ಪಿದ ಸಾಲಿನ ಮುಂದೆ ಕೆಂಪು ಚುಕ್ಕಿ ಇಟ್ಟು, ಮುಂದಿನ ಭಾನುವಾರ ಹೊಸ ವಾರದ ಟಿಪ್ಪಣಿಯ ಜೊತೆ ಆ ಚುಕ್ಕಿಯ ಸಾಲುಗಳನ್ನಷ್ಟೇ ನೋಡಿದರಾಯಿತು. ತಿಂಗಳ ಕೊನೆಗೆ ಒಂದು ಸಲ ಎಲ್ಲವನ್ನೂ.

ಖಾಲಿ ಬಿಟ್ಟ ಜಾಗ ಮುಂದಿನ ವರ್ಷಗಳಿಗೂ ಬರುತ್ತದೆ. 2024ರಲ್ಲಿ ಅಸ್ಸಾಮಿನ ಅಹೋಮ್ ಅರಸರ ಮೊಯ್ದಾಮ್ ಸಮಾಧಿಗಳು 43ನೆಯದಾಗಿ, 2025ರಲ್ಲಿ ಮರಾಠರ ಕೋಟೆಗಳು 44ನೆಯದಾಗಿ ಸೇರಿದವು. ಇವನ್ನು ಹೊಸ ಪುಟದಲ್ಲಿ ಬರೆದರೆ ಸರಣಿ ತಪ್ಪುತ್ತದೆ. ಹೊಯ್ಸಳ ಪುಟದ ಬಲಗಡೆಯೇ ಬರೆದರೆ ಒಂದೇ ನೋಟಕ್ಕೆ ನಾಲ್ಕೂ ಸಿಗುತ್ತವೆ.

ಇಷ್ಟಾದರೂ ಪತ್ರಿಕೆಯಿಂದ ಎಲ್ಲವೂ ಸಿಗುವುದಿಲ್ಲ. ರಾಜ್ಯ ಬಜೆಟ್ಟಿನ ವರದಿಯಲ್ಲಿ ದೊಡ್ಡ ಘೋಷಣೆಗಳು ಬರುತ್ತವೆ, ಯೋಜನೆಯ ಫಲಾನುಭವಿ ಯಾರು, ಜಾರಿ ಮಾಡುವ ಇಲಾಖೆ ಯಾವುದು ಎಂಬ ವಿವರ ಬಿಟ್ಟುಹೋಗುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಬಜೆಟ್ ಭಾಷಣವನ್ನೂ ರಾಜ್ಯದ ಆರ್ಥಿಕ ಸಮೀಕ್ಷೆಯನ್ನೂ ನೇರವಾಗಿ ತೆರೆಯಬೇಕು. ಅವಸರದ ವರದಿಯಲ್ಲಿ ಸಂಖ್ಯೆ ತಪ್ಪಾಗಿ ಅಚ್ಚಾಗುವುದೂ ಉಂಟು. ಅನುಮಾನ ಬಂದ ಅಂಕಿಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟು, ಭಾನುವಾರ ಪಿಐಬಿ ಪ್ರಕಟಣೆಯ ಜೊತೆ ಹೋಲಿಸಿದ ಮೇಲೆ ಪೆನ್ಸಿಲನ್ನು ಪೆನ್ನಿಗೆ ಬದಲಿಸಬಹುದು.