ಎರಡು ವರ್ಷಕ್ಕೆ ಎತ್ತರ ಎಷ್ಟು?

ಎರಡು ಕೂಸುಗಳ ತೂಕವೂ 2.1 ಕಿಲೋ ಎಂದುಕೊಳ್ಳೋಣ. ಒಂದು 34ನೇ ವಾರದಲ್ಲಿ ಅವಸರ ಮಾಡಿ ಹುಟ್ಟಿದ್ದು. ಆ ವಾರಕ್ಕೆ ಅಷ್ಟು ತೂಕ ಸಹಜವೇ. ಇನ್ನೊಂದು 40 ವಾರ ತುಂಬಿದ ಮೇಲೆ ಹುಟ್ಟಿದ್ದು. ಇದು ಹೊಟ್ಟೆಯೊಳಗೇ ಸರಿಯಾಗಿ ಬೆಳೆದಿಲ್ಲ. ಮನೆಯವರ ಕಣ್ಣಿಗೆ ಎರಡೂ ‘ಕಡಿಮೆ ತೂಕದ ಮಗು’. ವೈದ್ಯರು ಮಾತ್ರ ಎರಡನೆಯದಕ್ಕೆ ಬೇರೆ ಹೆಸರಿಡುತ್ತಾರೆ: ಗರ್ಭದಲ್ಲಿ ಕಳೆದ ವಾರಗಳಿಗೆ ತಕ್ಕಷ್ಟು ಬೆಳೆಯದ ಶಿಶು, ಚಿಕ್ಕದಾಗಿ ಎಸ್‌ಜಿಎ. ಈ ಮಕ್ಕಳ ಬಗ್ಗೆ ಹೆತ್ತವರು ಕೇಳುವ ಪ್ರಶ್ನೆ ಒಂದೇ. ಮಗು ಮುಂದೆ ಎಲ್ಲರಷ್ಟು ಎತ್ತರ ಆಗುತ್ತದೆಯೇ?

ಹೆಚ್ಚಿನವು ಆಗುತ್ತವೆ, ಅದೂ ಬೇಗನೆ. ಸ್ವೀಡನ್ನಿನ ಯೋಹಾನ್ ಕಾರ್ಲ್‌ಬೆರಿ ಮತ್ತು ಶೆಶ್ಟಿನ್ ಆಲ್ಬರ್ಟ್‌ಸನ್-ವಿಕ್‌ಲಂಡ್ ಅವಧಿ ತುಂಬಿ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹುಟ್ಟಿನಿಂದ ಪ್ರಾಯದವರೆಗೆ ಅಧ್ಯಯನ ಮಾಡಿ 1995ರಲ್ಲಿ ವರದಿ ಪ್ರಕಟಿಸಿದರು. ಸಣ್ಣದಾಗಿ ಹುಟ್ಟಿದವರಲ್ಲಿ ಬಹುಪಾಲು ಮಕ್ಕಳು ಮೊದಲ ವರ್ಷದೊಳಗೇ ಉಳಿದವರ ಸಾಲಿಗೆ ಬಂದು ಸೇರಿದ್ದರು. 18ರ ವಯಸ್ಸಿಗೆ ಕುಳ್ಳಾಗಿ ಉಳಿದವರು ಶೇಕಡ 8ರಷ್ಟು. ಇಂದಿನ ಲೆಕ್ಕವೂ ಹೆಚ್ಚುಕಡಿಮೆ ಇದೇ: ಹತ್ತರಲ್ಲಿ ಒಂಬತ್ತು ಮಕ್ಕಳು ಎರಡು ವರ್ಷದೊಳಗೆ ಬೆಳೆದು ಸರಿಹೋಗುತ್ತಾರೆ, ಒಂದು ಮಗು ಹಿಂದೆ ಉಳಿಯುತ್ತದೆ. ಸಣ್ಣದಾಗಿಯೂ ಅವಧಿಗೆ ಮೊದಲೂ ಹುಟ್ಟಿದ ಮಗುವಾದರೆ ನಾಲ್ಕು ವರ್ಷದವರೆಗೆ ಕಾಯಬೇಕಾಗಬಹುದು.

ಈ ವೇಗ ಎಲ್ಲಿಂದ ಬರುತ್ತದೆ? ತಾಯಿಯ ರಕ್ತದೊತ್ತಡ ಏರಿದಾಗ ಅಥವಾ ಮಾಸು ಸರಿಯಾಗಿ ಕೆಲಸ ಮಾಡದಾಗ ಶಿಶುವಿಗೆ ಸಿಗುವ ಆಹಾರ, ಆಮ್ಲಜನಕ ಕಡಿಮೆಯಾಗುತ್ತವೆ. ಇದ್ದುದರಲ್ಲೇ ಮಿದುಳಿಗೆ ಮೊದಲ ಪಾಲು ಕೊಟ್ಟು ಶಿಶು ಮೈಯ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಹುಟ್ಟಿ ಎದೆಹಾಲು ಕುಡಿಯತೊಡಗಿದ ಮೇಲೆ ಆ ಅಡ್ಡಿ ಇರುವುದಿಲ್ಲ. ಮೂಳೆ ಬೆಳೆಸುವ ಐಜಿಎಫ್-1 ಎಂಬ ಹಾರ್ಮೋನ್ ಏರುತ್ತದೆ, ಮಗು ಸರಸರನೆ ಉದ್ದವಾಗುತ್ತದೆ. ಅಡ್ಡಿ ಮಾಸಿನಲ್ಲಿರದೆ ಮಗುವಿನ ಜೀನ್‌ಗಳಲ್ಲೇ ಇದ್ದರೆ ಹುಟ್ಟಿದ ಮೇಲೂ ಅದು ಹೋಗುವುದಿಲ್ಲ.

ಲೆಕ್ಕ ಸ್ಪಷ್ಟವಾಗಲೆಂದು ಇಬ್ಬರು ಹೆಣ್ಣುಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ 40 ವಾರಕ್ಕೆ ಹುಟ್ಟಿದವರು, ತೂಕ 2.1 ಕಿಲೋ, ಉದ್ದ 44.5 ಸೆಂ.ಮೀ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಕೆಳಗೊಂದು ಕೆಂಪು ಗೆರೆ ಇದೆ. ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ಇಬ್ಬರು ಮೂವರು ಮಾತ್ರ ಅದಕ್ಕಿಂತ ಕೆಳಗಿರುತ್ತಾರೆ. ಹೆಣ್ಣುಮಕ್ಕಳಿಗೆ ಹುಟ್ಟಿದಾಗ ಆ ಗೆರೆ 45.4 ಸೆಂ.ಮೀ., ಒಂದು ವರ್ಷಕ್ಕೆ 68.9, ಎರಡು ವರ್ಷಕ್ಕೆ 80. ಮೊದಲನೆಯ ಹುಡುಗಿ ವರ್ಷ ತುಂಬುವಾಗ 70.5, ಎರಡು ವರ್ಷಕ್ಕೆ 82 ಸೆಂ.ಮೀ. ಇದ್ದಾಳೆ. ಅವಳು ಗೆರೆ ದಾಟಿ ಮೇಲೆ ಬಂದಳು, ಚಿಂತೆಯಿಲ್ಲ. ಎರಡನೆಯವಳು 66.5, ಆಮೇಲೆ 77. ಅವಳೂ ಬೆಳೆಯುತ್ತಲೇ ಇದ್ದಾಳೆ, ಬಟ್ಟೆ ಚಿಕ್ಕದಾಗುತ್ತಲೇ ಇವೆ. ಹಾಗಾಗಿ ಮನೆಯವರಿಗೆ ತೊಂದರೆ ಕಾಣುವುದಿಲ್ಲ. ಆದರೆ ಗೆರೆಗೂ ಅವಳಿಗೂ ನಡುವಿನ ಅಂತರ ಕೂಡಿಕೊಂಡಿಲ್ಲ.

‘ಅಪ್ಪ ಅಮ್ಮನೂ ಕುಳ್ಳು, ಮಗಳೂ ಹಾಗೇ’ ಎಂಬ ಮಾತನ್ನು ಇಲ್ಲಿ ಪರೀಕ್ಷಿಸಬಹುದು. ಹೆತ್ತವರಿಬ್ಬರ ಎತ್ತರ ಕೂಡಿಸಿ, ಹುಡುಗಿಯಾದರೆ 13 ಸೆಂ.ಮೀ. ಕಳೆದು, ಹುಡುಗನಾದರೆ 13 ಸೇರಿಸಿ, ಎರಡರಿಂದ ಭಾಗಿಸಬೇಕು. ತಂದೆ 166, ತಾಯಿ 153 ಆದರೆ ಮಗಳು 153ರ ಆಸುಪಾಸು ಬರಬೇಕು. ಅವಳು ಸಾಗುತ್ತಿರುವ ದಾರಿ ಅದಕ್ಕಿಂತ ಬಹಳ ಕೆಳಗಿದ್ದರೆ ಕಾರಣ ಮನೆತನದ್ದಲ್ಲ.

ಈ ಹಂತದಲ್ಲಿ ಹೆಚ್ಚು ಮನೆಗಳಲ್ಲಿ ನಡೆಯುವುದು ಮಗುವಿಗೆ ತಿನ್ನಿಸುವ ಕೆಲಸ. ಬೆಳಗ್ಗೆ ರಾಗಿ ಸರಿ, ಮಧ್ಯಾಹ್ನ ತುಪ್ಪದನ್ನ, ನಡುವೆ ಬಿಸ್ಕತ್ತು, ಹಾಲಿಗೆ ಡಬ್ಬದ ಪುಡಿ. ನಿಜಕ್ಕೂ ಊಟ ಸಾಲದ ಮಗುವಿಗೆ ಪೌಷ್ಟಿಕ ಆಹಾರದಿಂದ ಎತ್ತರವೂ ಬರುತ್ತದೆ. ಆದರೆ ಹೊಟ್ಟೆ ತುಂಬ ಉಂಡೂ ಉದ್ದವಾಗದ ಎಸ್‌ಜಿಎ ಮಗುವಿಗೆ ಬಲವಂತದ ತುತ್ತಿನಿಂದ ಬರುವುದು ಬೊಜ್ಜು. ಬೊಜ್ಜು ಬಂದ ಹುಡುಗಿ ಬೇಗ ಮೈನೆರೆಯಬಹುದು. ಮೂಳೆಯ ತುದಿಗಳು ಬೇಗ ಕೂಡಿಕೊಂಡು ಬೆಳೆಯುವ ವರ್ಷಗಳೇ ಕಡಿಮೆಯಾಗುತ್ತವೆ.

ಇದಕ್ಕಿಂತ ದೂರದ ಅಪಾಯವೊಂದಿದೆ, ಅದರ ಸುಳಿವು ಸಿಕ್ಕಿದ್ದು ಮೈಸೂರಿನಲ್ಲೇ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಜನನ ದಾಖಲೆಗಳು ಉಳಿದಿದ್ದವು. ಸಂಶೋಧಕರು ಅವರಲ್ಲಿ 517 ಜನರನ್ನು ಪರೀಕ್ಷಿಸಿ 1996ರಲ್ಲಿ ವರದಿ ಮಾಡಿದರು. ಸುಮಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ಶೇಕಡ 3ರಷ್ಟು. ಆದ್ದರಿಂದಲೇ ಸಣ್ಣದಾಗಿ ಹುಟ್ಟಿದ ಮಗು ಉದ್ದವಾಗಲಿ, ಆದರೆ ದಪ್ಪವಾಗುವುದು ಬೇಡ ಎಂದು ವೈದ್ಯರು ಹೇಳುವುದು.

ಎರಡನೆಯ ಹುಡುಗಿಯ ವಿಷಯಕ್ಕೆ ಮರಳೋಣ. ಅವಳನ್ನು ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿದರೆ ಅವರು ಮೊದಲು ಬೇರೆ ಕಾರಣಗಳಿವೆಯೇ ಎಂದು ಹುಡುಕುತ್ತಾರೆ: ಥೈರಾಯ್ಡ್, ರಕ್ತಹೀನತೆ, ಮೂತ್ರಪಿಂಡ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ. ಹೆಣ್ಣುಮಗುವಾದ್ದರಿಂದ ಕ್ರೋಮೋಸೋಮ್ ಪರೀಕ್ಷೆಯೂ ಬೇಕಾಗುತ್ತದೆ, ಏಕೆಂದರೆ ಟರ್ನರ್ ಸಿಂಡ್ರೋಮ್ ಇರುವ ಹುಡುಗಿಯರೂ ಹುಟ್ಟುವಾಗ ಸಣ್ಣಗಿರಬಹುದು. ಮೈಗೆ ಹೋಲಿಸಿದರೆ ತಲೆ ದೊಡ್ಡದು, ಹಣೆ ಮುಂದೆ ಚಾಚಿದೆ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ, ಊಟವೆಂದರೆ ಅಳು ಎಂದಾದರೆ ಸಿಲ್ವರ್-ರಸೆಲ್ ಸಿಂಡ್ರೋಮ್ ಸಂದೇಹ ಬರುತ್ತದೆ.

ಇವ್ಯಾವುದೂ ಇಲ್ಲದಿದ್ದರೆ ಉಳಿಯುವ ದಾರಿ ಗ್ರೋತ್ ಹಾರ್ಮೋನ್. ಇಂಥ ಹೆಚ್ಚಿನ ಮಕ್ಕಳಲ್ಲಿ ಆ ಹಾರ್ಮೋನಿನ ಕೊರತೆ ಇರುವುದಿಲ್ಲ; ಆದರೂ ಹೊರಗಿನಿಂದ ಹೆಚ್ಚು ಕೊಟ್ಟರೆ ಮೂಳೆ ಸ್ಪಂದಿಸುತ್ತದೆ. ಅಮೆರಿಕ 2001ರಲ್ಲಿ, ಯುರೋಪ್ 2003ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಎರಡು ವರ್ಷದಿಂದಲೇ ಶುರು ಮಾಡಬಹುದು. ಯುರೋಪಿನಲ್ಲಿ ನಾಲ್ಕರವರೆಗೆ ಕಾಯುತ್ತಾರೆ, ಎತ್ತರ ಕೆಂಪು ಗೆರೆಗಿಂತಲೂ ಸಾಕಷ್ಟು ಕೆಳಗಿರಬೇಕು.

ಚಿಕಿತ್ಸೆಯೆಂದರೆ ಪ್ರತಿ ರಾತ್ರಿ ತೊಡೆಗೋ ಹೊಟ್ಟೆಗೋ ಚರ್ಮದಡಿ ಒಂದು ಸಣ್ಣ ಸೂಜಿ, ವರ್ಷಗಟ್ಟಲೆ. ಔಷಧದ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಮಗು ಬೆಳೆದಂತೆ ಖರ್ಚೂ ಏರುತ್ತದೆ. ಬೇಗ ಶುರುವಾದಷ್ಟೂ ಫಲ ಹೆಚ್ಚು. ವಯಸ್ಕರಾದಾಗ ಸರಾಸರಿ ಸುಮಾರು ಆರು ಸೆಂ.ಮೀ. ಲಾಭ. ಕೆಲವರಿಗೆ ಅದಕ್ಕಿಂತ ಹೆಚ್ಚು, ಕೆಲವರಿಗೆ ಬಹಳ ಕಡಿಮೆ. ನಡುನಡುವೆ ರಕ್ತದ ಸಕ್ಕರೆ ಮತ್ತು ಐಜಿಎಫ್-1 ನೋಡಬೇಕು; ತಲೆನೋವು ಬಂದರೆ, ಮಗು ಕುಂಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮೈನೆರೆದು ಮೂಳೆಯ ತುದಿ ಕೂಡಿಕೊಂಡ ಮೇಲೆ ಈ ಔಷಧದಿಂದ ಎತ್ತರ ಬರುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಕರೆತಂದ ಮಗುವಿಗೆ ಮಾಡಬಹುದಾದ್ದು ಕಡಿಮೆ.

ತೊಂದರೆ ಬೇಗ ತಿಳಿಯಬೇಕಾದರೆ ಅಳತೆ ಸರಿ ಇರಬೇಕು. ಟೇಪು ಹಿಡಿದು ಮಂಚದ ಮೇಲೆ ಅಳೆದದ್ದನ್ನು ನಂಬುವಂತಿಲ್ಲ. ಎರಡು ವರ್ಷದೊಳಗಿನ ಮಗುವನ್ನು ಉದ್ದ ಅಳೆಯುವ ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿದು, ಇನ್ನೊಬ್ಬರು ಮಂಡಿ ಒತ್ತಿ ಪಾದಕ್ಕೆ ಅಡ್ಡಪಟ್ಟಿ ಸರಿಸಬೇಕು. ಅಂಗನವಾಡಿಗಳಲ್ಲಿ ಈ ಹಲಗೆ ಇರುತ್ತದೆ. ಮಗು ಸಣ್ಣದಾಗಿ ಹುಟ್ಟಿದ್ದರೆ ಹುಟ್ಟಿದ ವಾರ, ತೂಕ, ಉದ್ದ ಈ ಮೂರನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ತೂಕದ ಜೊತೆ ಉದ್ದವನ್ನೂ ಅಳೆಸಿ. ಎರಡು ವರ್ಷ ತುಂಬುವಾಗ ಮಗು ಕೆಂಪು ಗೆರೆಗಿಂತ ಕೆಳಗಿದ್ದರೆ, ಶಾಲೆಗೆ ಸೇರುವವರೆಗೆ ನೋಡೋಣ ಎಂದು ಕಾಯದೆ ಆ ಕಾರ್ಡ್ ಹಿಡಿದುಕೊಂಡು ತಜ್ಞರನ್ನು ಕಾಣಿ.