ಪಾರ್ಟಿ ನೋಡಿಕೊಳ್ಳುವವರು ಬದಲಾದಾಗ

ಬೆಂಗಳೂರಿನ ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಿಕ್ಸಿ ತಯಾರಿಸುವ ಕಂಪನಿಯೊಂದು ಅದರ ದೊಡ್ಡ ಗಿರಾಕಿ. ಈ ಪಾರ್ಟಿಯನ್ನು ಎಂಟು ವರ್ಷದಿಂದ ನೋಡಿಕೊಂಡು ಬಂದ ಅಕೌಂಟ್ ಮ್ಯಾನೇಜರ್ ಏಪ್ರಿಲ್ ಕೊನೆಯಲ್ಲಿ ರಾಜೀನಾಮೆ ಕೊಡುತ್ತಾರೆ. ಮೇ 31 ಅವರ ಕೊನೆಯ ದಿನ.

ಅಕೌಂಟ್ ಮ್ಯಾನೇಜರ್ ಅಂದರೆ ಲೆಕ್ಕ ಬರೆಯುವವರಲ್ಲ. ಆರ್ಡರ್ ತರುವುದು, ರೇಟು ಮಾತಾಡುವುದು, ಲೋಡು ತಡವಾದರೆ ಬೈಸಿಕೊಳ್ಳುವುದು, ಬಾಕಿ ವಸೂಲಿ ಮಾಡುವುದು, ಹೀಗೆ ಒಂದು ಪಾರ್ಟಿಯ ಮಟ್ಟಿಗೆ ಇಡೀ ಕಾರ್ಖಾನೆಯ ಮುಖವೇ ಅವರು. ಅವರು ಹೊರಟರೆಂದಾಗ ಪಾರ್ಟಿಗೆ ಹುಟ್ಟುವ ಆತಂಕ ಹೊಸ ಮುಖದ ಬಗ್ಗೆ ಅಲ್ಲ. ಹಳಬರ ತಲೆಯಲ್ಲಿದ್ದ ಮಾತುಗಳೆಲ್ಲ ಅವರ ಜೊತೆಗೇ ಹೊರಟುಹೋದರೆ ಏನು ಗತಿ ಎಂಬುದೇ ಅದರ ಚಿಂತೆ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಪತ್ರದಿಂದಲ್ಲ, ಒಂದು ಪಟ್ಟಿಯಿಂದ. ಮಾಲೀಕರು ಹಳಬರನ್ನೂ ಹೊಸಬರನ್ನೂ ಎದುರು ಕೂರಿಸಿಕೊಂಡು, ಪರ್ಚೇಸ್ ಆರ್ಡರಿನಲ್ಲಿ ಇಲ್ಲದ ಮಾತುಗಳನ್ನು ಒಂದೊಂದಾಗಿ ಬರೆಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಅಂಥವು ಮೂರು ಸಿಗುತ್ತವೆ ಎನ್ನೋಣ.

ಮೊದಲನೆಯದು ಮಳೆಗಾಲದ್ದು. ರಟ್ಟು ಗಾಳಿಯ ತೇವ ಹೀರಿದರೆ ಬಾಕ್ಸಿನ ಬಲ ಇಳಿಯುತ್ತದೆ, ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಾಗ ಕೆಳಗಿನದು ಕುಸಿಯುತ್ತದೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪಾರ್ಟಿಗೆ ಮೇಲ್ಪದರಕ್ಕೆ 150ರ ಬದಲು 180 ಜಿಎಸ್‌ಎಂ ಪೇಪರ್ ಹಾಕುವುದು ರೂಢಿ. ಪ್ರತಿ ವರ್ಷ ಹಳಬರು ಪ್ರೊಡಕ್ಷನ್‌ನವರಿಗೆ ಬಾಯಲ್ಲೇ ಹೇಳಿ ಮಾಡಿಸುತ್ತಿದ್ದರು. ಯಾವ ಕಾಗದದಲ್ಲೂ ಅದು ಇಲ್ಲ.

ಎರಡನೆಯದು ಹಣದ ಗಡುವು. ಬಿಲ್ಲಾದ 45 ದಿನಕ್ಕೆ ಹಣ ಎಂದು ಮಾತಾಗಿದೆ, ಆದರೆ ಬರೆದುಕೊಂಡಿಲ್ಲ. ಇಲ್ಲಿ ಕಾನೂನು ಅಡ್ಡ ಬರುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ, ಸಣ್ಣ ಉದ್ದಿಮೆಯಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿಯೂ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಸರಕು ಒಪ್ಪಿಕೊಂಡ ದಿನದಿಂದ ಸಿಗುವುದು 15 ದಿನ ಮಾತ್ರ. ಹಳೆಯ ಮಾತು ಗೊತ್ತಿಲ್ಲದ ಹೊಸಬರು ಇಪ್ಪತ್ತನೇ ದಿನಕ್ಕೆ ಫೋನ್ ಮಾಡಿ “ನಿಮ್ಮ ಪೇಮೆಂಟ್ ಓವರ್‌ಡ್ಯೂ ಆಗಿದೆ” ಎಂದರೆ ಕಾನೂನಿನ ಮಟ್ಟಿಗೆ ಸರಿಯೇ. ಆದರೆ ಎಂಟು ವರ್ಷದ ಸಂಬಂಧಕ್ಕೆ ಆ ಒಂದು ಫೋನಿನಲ್ಲಿ ಬಿರುಕು ಬೀಳುತ್ತದೆ.

ಮೂರನೆಯದು ಒಂದು ಹಳೆಯ ಬಾಕಿ. ಮಾರ್ಚ್‌ನಲ್ಲಿ ಹೋದ ಲೋಡಿನಲ್ಲಿ 300 ಬಾಕ್ಸ್‌ಗಳ ಮುದ್ರಣ ಅಳಿಸಿತ್ತು. ಬಾಕ್ಸಿಗೆ 40 ರೂಪಾಯಿಯಂತೆ 12,000 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡುತ್ತೇವೆ ಎಂದು ಹಳಬರು ಮಾತು ಕೊಟ್ಟಿದ್ದರು. ಜಿಎಸ್‌ಟಿ ನಿಯಮದಂತೆ, ಒಂದು ಹಣಕಾಸು ವರ್ಷದ ಮಾರಾಟಕ್ಕೆ ಸಂಬಂಧಿಸಿದ ಕ್ರೆಡಿಟ್ ನೋಟನ್ನು ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸಬೇಕು. ಅದು ತಪ್ಪಿತೆಂದರೆ ಆ ಮೊತ್ತದ ಮೇಲೆ ಕಟ್ಟಿದ ತೆರಿಗೆಯನ್ನು ಕಾರ್ಖಾನೆ ಇಳಿಸಿಕೊಳ್ಳಲಾಗದು. ಪಾರ್ಟಿಯ ಕಣ್ಣಿಗಂತೂ ಇದು ಮಾತಿಗೆ ತಪ್ಪಿದ ಲೆಕ್ಕ. ಹಾಗಾಗಿ ಈ ನೋಟನ್ನು ಹಳಬರು ಇರುವಾಗಲೇ ಕೊಟ್ಟು ಮುಗಿಸುವುದು ಒಳ್ಳೆಯದು. ಹೊಸಬರ ಮೊದಲ ಭೇಟಿ ಹಳೆಯ ಜಗಳದ ಪಂಚಾಯ್ತಿ ಆಗಬಾರದು.

ಪಟ್ಟಿ ಆದ ಮೇಲೆ ಪಾರ್ಟಿಗೆ ಸುದ್ದಿ ಹೋಗಬೇಕು. ಅದು ಮೊದಲು ಹಳಬರ ಬಾಯಿಂದಲೇ, ಫೋನಿನಲ್ಲಿ ತಲುಪಬೇಕು. ಸೆಕ್ಯುರಿಟಿಯವರಿಂದಲೋ ಲಾರಿ ಡ್ರೈವರ್‌ನಿಂದಲೋ ತಿಳಿದರೆ “ನಮ್ಮಿಂದ ಯಾಕೆ ಮುಚ್ಚಿಟ್ಟರು” ಎಂಬ ಅನುಮಾನ ಏಳುತ್ತದೆ. ಮಾತು ಉದ್ದ ಇರಬೇಕಾಗಿಲ್ಲ. “ಸಾರ್, ನಾನು ಈ ತಿಂಗಳ ಕೊನೆಗೆ ಕೆಲಸ ಬಿಡ್ತಿದ್ದೀನಿ. ನಿಮಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದ್ದೀನಿ. ಗುರುವಾರ ಹೊಸಬರನ್ನ ಕರ್ಕೊಂಡು ಬರ್ತೀನಿ, ಅರ್ಧ ಗಂಟೆ ಟೈಮ್ ಕೊಡಿ.” ಬಿಡಲು ಕಾರಣವೇನು, ಸಂಬಳ ಎಷ್ಟಿತ್ತು, ಇಂಥದ್ದಕ್ಕೆ ಇಲ್ಲಿ ಜಾಗವಿಲ್ಲ.

ಅದೇ ದಿನ ಮಾಲೀಕರ ಸಹಿಯ ಪತ್ರ ಹೋಗುತ್ತದೆ. ಪರ್ಚೇಸ್ ವಿಭಾಗಕ್ಕೆ ಮಾತ್ರವಲ್ಲ, ಪಾರ್ಟಿಯ ಸ್ಟೋರ್ಸ್‌ಗೂ ಅಕೌಂಟ್ಸ್‌ಗೂ ಪ್ರತಿ ಇರಬೇಕು, ಏಕೆಂದರೆ ದಿನಾ ಫೋನ್ ಮಾಡುವವರು ಅವರೇ. ಪತ್ರ ಸುಮಾರಾಗಿ ಹೀಗಿರಬಹುದು:

“ಜೂನ್ 1ರಿಂದ ನಿಮ್ಮ ಆರ್ಡರ್, ಡಿಸ್ಪ್ಯಾಚ್ ಮತ್ತು ಪೇಮೆಂಟ್ ವಿಷಯಗಳನ್ನು ನಮ್ಮ ಹೊಸ ಅಕೌಂಟ್ ಮ್ಯಾನೇಜರ್ ನೋಡಿಕೊಳ್ಳುತ್ತಾರೆ. ಅವರ ಹೆಸರು ಮತ್ತು ನಂಬರ್ ಕೆಳಗಿದೆ. ಅವರು ನಾಲ್ಕು ವರ್ಷ ನಮ್ಮ ಪ್ರೊಡಕ್ಷನ್‌ನಲ್ಲಿದ್ದವರು, ನಿಮ್ಮ ಬಾಕ್ಸ್‌ಗಳನ್ನು ಬಲ್ಲವರು. ರೇಟು, 45 ದಿನದ ಗಡುವು, ಮಳೆಗಾಲದ 180 ಜಿಎಸ್‌ಎಂ ಪೇಪರ್ ಇವು ಯಾವುವೂ ಬದಲಾಗುವುದಿಲ್ಲ. ನಮ್ಮ ಬ್ಯಾಂಕ್ ಖಾತೆಯೂ ಬದಲಾಗಿಲ್ಲ. ಬದಲಾಗಿದೆ ಎಂದು ಯಾರಾದರೂ ಹೇಳಿದರೆ, ನಿಮ್ಮ ಬಳಿ ಮೊದಲಿನಿಂದ ಇರುವ ನನ್ನ ನಂಬರಿಗೆ ಫೋನ್ ಮಾಡಿ ಕೇಳಿ.”

ಬ್ಯಾಂಕ್ ಖಾತೆಯ ಆ ಸಾಲು ಸುಮ್ಮನೆ ಬಂದದ್ದಲ್ಲ. ಪರಿಚಯದ ದನಿ ಮರೆಯಾಗಿ ಹೊಸ ದನಿ ಇನ್ನೂ ಪರಿಚಯವಾಗದ ಆ ಕೆಲವು ವಾರ ಮೋಸಗಾರರಿಗೆ ಅನುಕೂಲದ ಸಮಯ. ಪೂರೈಕೆದಾರರ ಸಿಬ್ಬಂದಿಯಂತೆ ನಟಿಸಿ ಮೇಲ್ ಕಳಿಸುವ ಮೋಸಕ್ಕೆ ದೈತ್ಯ ಕಂಪನಿಗಳೂ ಬಿದ್ದಿವೆ. ಲಿಥುವೇನಿಯಾದ ಎವಾಲ್ಡಸ್ ರಿಮಾಸೌಸ್ಕಸ್ ಎಂಬಾತ ತೈವಾನಿನ ಕ್ವಾಂಟಾ ಕಂಪ್ಯೂಟರ್ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಒಂದು ಕಂಪನಿ ನೋಂದಾಯಿಸಿದ. 2013ರಿಂದ 2015ರವರೆಗೆ ಕ್ವಾಂಟಾ ನೌಕರರಿಂದ ಬಂದಂತೆ ಕಾಣುವ ಮೇಲ್‌ಗಳು, ಸುಳ್ಳು ಬಿಲ್ಲುಗಳು ಗೂಗಲ್ ಮತ್ತು ಫೇಸ್‌ಬುಕ್‌ಗೆ ಹೋದವು. ಎರಡೂ ಸೇರಿ ಆತನ ಖಾತೆಗಳಿಗೆ 12 ಕೋಟಿ ಡಾಲರ್‌ಗೂ ಹೆಚ್ಚು ಕಳಿಸಿದವು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಜೈಲು ವಿಧಿಸಿತು.

ಪಾರ್ಟಿಯ ಅಕೌಂಟ್ಸ್‌ನವರು ಇಲ್ಲಿ ಮಾಡಬೇಕಾದದ್ದು ಸರಳ. ಖಾತೆ ಬದಲಿಸಿ ಎಂದು ಮೇಲ್ ಬಂದರೆ ಆ ಮೇಲ್‌ನಲ್ಲಿರುವ ನಂಬರಿಗೆ ಕರೆ ಮಾಡಬಾರದು, ತಮ್ಮ ಹಳೆಯ ಡೈರಿಯಲ್ಲಿರುವ ನಂಬರಿಗೆ ಮಾಡಬೇಕು. ಹಣ ಆಗಲೇ ಹೋಗಿಬಿಟ್ಟಿದ್ದರೆ ತಡಮಾಡದೆ ತಮ್ಮ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಬೇಕು.

ಗುರುವಾರದ ಭೇಟಿಯಲ್ಲಿ ಹಳಬರು ಪಟ್ಟಿಯನ್ನು ಪಾರ್ಟಿಯ ಮುಂದೆಯೇ ಓದುತ್ತಾರೆ. ಇದರಿಂದ ಎರಡು ಲಾಭ. ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಪಾರ್ಟಿಯೇ ನೆನಪಿಸುತ್ತದೆ. “ಹತ್ತು ಗಂಟೆ ಒಳಗೆ ಲೋಡು ಬಂದ್ರೆ ಮಾತ್ರ ನಮ್ಮಲ್ಲಿ ಇಳಿಸ್ಕೊಳ್ಳೋದು, ಅದನ್ನೂ ಬರ್ಕೊಳ್ಳಿ” ಎಂಬಂಥ ಮಾತು ಹೊರಬರುವುದು ಆಗಲೇ. ಇನ್ನೊಂದು, ಹಳಬರು ಕೊಡದ ರಿಯಾಯಿತಿಯನ್ನು “ಅವರು ಒಪ್ಪಿದ್ದರು” ಎಂದು ಆಮೇಲೆ ಯಾರೂ ಹೇಳಲಾಗದು. ಮರುದಿನ ಹೊಸಬರು ಆ ಪಟ್ಟಿಯನ್ನು ಮೇಲ್ ಮಾಡಿ, ಪಾರ್ಟಿಯ ಒಪ್ಪಿಗೆಯನ್ನೂ ಮೇಲ್‌ನಲ್ಲೇ ಪಡೆಯುತ್ತಾರೆ. 45 ದಿನದ ಮಾತಿಗೂ ಅಲ್ಲಿ ಲಿಖಿತ ಆಧಾರ ಸಿಕ್ಕಂತಾಯಿತು.

ಮೇ ತಿಂಗಳ ಎರಡನೇ ಭೇಟಿಯಲ್ಲಿ ಮಾತಾಡುವವರು ಹೊಸಬರು, ಹಳಬರು ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ಕೈಬದಲಾವಣೆ ಸರಿಹೋಗುತ್ತಿಲ್ಲ ಎಂಬುದರ ಗುರುತೂ ಈ ಹೊತ್ತಿಗೆ ಕಾಣಿಸುತ್ತದೆ. ಪಾರ್ಟಿ ಇನ್ನೂ ಹಳಬರ ವಾಟ್ಸ್ಆ್ಯಪ್‌ಗೇ ಆರ್ಡರ್ ಹಾಕುತ್ತಿದ್ದರೆ, ಸಣ್ಣ ವಿಷಯಕ್ಕೂ ನೇರ ಮಾಲೀಕರಿಗೆ ಫೋನ್ ಮಾಡುತ್ತಿದ್ದರೆ, ಹೊಸಬರ ಮೇಲೆ ನಂಬಿಕೆ ಕೂತಿಲ್ಲ ಎಂದು ತಿಳಿಯಬೇಕು. ಹಳಬರ ನಂಬರ್ ಕಂಪನಿಯದ್ದಾಗಿದ್ದರೆ ಸಿಮ್ ಹೊಸಬರ ಕೈಗೆ ಬಂದು ಸಮಸ್ಯೆ ಅರ್ಧ ತೀರುತ್ತದೆ. ಸ್ವಂತದ್ದಾಗಿದ್ದರೆ, ಬಂದ ಆರ್ಡರನ್ನು ಹಳಬರು ತಾವೇ ಪೂರೈಸಲು ಹೋಗದೆ “ಇವರಿಗೆ ಕಳಿಸಿ ಸಾರ್” ಎಂದು ಹೊಸಬರ ನಂಬರ್ ಕೊಡಬೇಕು.

ಜೂನ್ ಮೊದಲ ವಾರ ಮಳೆ ಹಿಡಿಯಿತು ಎನ್ನಿ. ಪಾರ್ಟಿಯ ಸ್ಟೋರ್ಸ್‌ನವರು ಪೇಪರ್ ಬದಲಿಸಲು ನೆನಪಿಸಬೇಕೆಂದು ಫೋನ್ ಮಾಡುತ್ತಾರೆ. ಹೊಸಬರ ಮುಂದಿರುವ ಜಾಬ್ ಕಾರ್ಡಿನಲ್ಲಿ ಆಗಲೇ 180 ಎಂದು ಬರೆದಾಗಿದೆ, ಲೋಡು ನಾಳೆ ಒಂಬತ್ತೂವರೆಗೆ ಗೇಟಿನಲ್ಲಿರುತ್ತದೆ.