ದಾರಿಯಲ್ಲೇ ಬೇರೂರಿದ ಗರ್ಭ

ಅಂಡವೂ ವೀರ್ಯಾಣುವೂ ಕೂಡುವುದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ಅಂಡನಾಳದಲ್ಲಿ. ಹೀಗೆ ಫಲಿತವಾದ ಅಂಡವು ಕೆಲವು ದಿನಗಳಲ್ಲಿ ಗರ್ಭಕೋಶವನ್ನು ಸೇರಬೇಕಷ್ಟೆ. ಹಿಂದಿನ ಸೋಂಕಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ನಾಳವು ಕೆಟ್ಟಿದ್ದರೆ ಅದು ದಾರಿಯಲ್ಲೇ ಬೇರೂರುವುದುಂಟು. ಧೂಮಪಾನವೂ, ಹಿಂದೊಮ್ಮೆ ಹೀಗಾಗಿದ್ದುದೂ ಈ ಅಪಾಯವನ್ನು ಹೆಚ್ಚಿಸುತ್ತವೆ. ಆದರೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇಂಥ ಯಾವ ಕಾರಣವೂ ಕಾಣದು. ಕಿರಿದಾದ ನಾಳವು ಗರ್ಭಕೋಶದಂತೆ ಹಿಗ್ಗಲಾರದು; ಅದು ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಸ್ತ್ರೀಯೊಬ್ಬಳಿಗೆ ಮುಟ್ಟು ತಪ್ಪಿ ಎರಡು ವಾರವಾಗಿದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಅಲ್ಪ ರಕ್ತಸ್ರಾವ. ಸ್ಕ್ಯಾನಿನಲ್ಲಿ ಗರ್ಭಕೋಶ ಬರಿದಾಗಿ ಕಾಣುತ್ತದೆ. ರಕ್ತದಲ್ಲಿ ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನು ಲೀಟರಿಗೆ 1,200 ಯೂನಿಟ್ ಇದೆ. ಇಷ್ಟರಿಂದಲೇ ಏನನ್ನೂ ನಿರ್ಧರಿಸಲಾಗದು. ಸ್ಕ್ಯಾನಿಗೆ ಕಾಣದಷ್ಟು ಎಳೆಯ ಸಹಜ ಗರ್ಭವೂ ಹೀಗೆಯೇ ಇದ್ದೀತು. ಆದುದರಿಂದ 48 ಗಂಟೆಗಳ ಬಳಿಕ ಮತ್ತೆ ಅಳೆಯುತ್ತಾರೆ. ಸಹಜ ಗರ್ಭವಾಗಿದ್ದರೆ ಹಾರ್ಮೋನು ಸಾಮಾನ್ಯವಾಗಿ ಅರ್ಧದಷ್ಟಾದರೂ ಏರಿ 1,800ರ ಸಮೀಪ ಬರಬೇಕು. ಈಕೆಯಲ್ಲಿ ದೊರೆತದ್ದು 1,500 ಮಾತ್ರ. ಸಂಶಯದಿಂದ ಪುನಃ ಸ್ಕ್ಯಾನ್ ಮಾಡಿದಾಗ ಅಂಡಾಶಯದ ಬದಿಯಲ್ಲಿ ಸಣ್ಣದೊಂದು ಗಂಟು ಕಾಣುತ್ತದೆ. ನಾಳವಿನ್ನೂ ಒಡೆದಿಲ್ಲವಾದ್ದರಿಂದ ಮೆಥೋಟ್ರೆಕ್ಸೇಟ್ ಎಂಬ ಔಷಧದಿಂದಲೇ ಬೆಳವಣಿಗೆಯನ್ನು ನಿಲ್ಲಿಸಲು ಅವಕಾಶವುಂಟು. ಅನಂತರವೂ ಹಾರ್ಮೋನು ಪೂರ್ಣವಾಗಿ ಇಳಿಯುವವರೆಗೆ ಅಳೆಯುತ್ತಿರಬೇಕು. ಇಳಿಯುತ್ತಿರುವಾಗಲೂ ನಾಳ ಒಡೆಯಬಹುದು.

ತಲೆಸುತ್ತು ಬಂದು, ಭುಜದ ತುದಿಯಲ್ಲಿ ನೋವು ಕಾಣಿಸಿದರೆ ಸ್ಥಿತಿಯೇ ಬೇರೆ. ಭುಜಕ್ಕೂ ಹೊಟ್ಟೆಗೂ ಏನು ಸಂಬಂಧವೆನ್ನುವಿರಾ? ಸುರಿದ ರಕ್ತವು ವಪೆಯನ್ನು ಕೆರಳಿಸುತ್ತದೆ. ವಪೆಗೂ ಭುಜಕ್ಕೂ ಹೋಗುವ ನರಗಳ ಮೂಲ ಒಂದೇ ಆದುದರಿಂದ ನೋವು ಅಲ್ಲಿ ತೋರುತ್ತದೆ. ಆಗ ಎರಡನೆಯ ಅಳತೆಗಾಗಿ ಕಾಯುವಂತಿಲ್ಲ; ತಕ್ಷಣ ಆಸ್ಪತ್ರೆಗೆ ಒಯ್ದು ಶಸ್ತ್ರಚಿಕಿತ್ಸೆಯಿಂದ ರಕ್ತಸ್ರಾವವನ್ನು ನಿಲ್ಲಿಸಬೇಕಾಗುತ್ತದೆ.